ಟ್ರೇಡ್ ಪಟ್ಟಿಯನ್ನು ಇಸ್ಪೀಟ್ ಎಲೆಯಂತೆ ಕಲಸಿ: ಮುಂದಿನ ಡ್ರಾಡೌನ್ ಎಷ್ಟು ಆಳ ಹೋಗಬಹುದು?

ಒಂದು ಲಾಗ್ ನೋಡೋಣ. ನೂರು ಟ್ರೇಡ್ ಇವೆ. 40ರಲ್ಲಿ ಲಾಭ, 60ರಲ್ಲಿ ನಷ್ಟ. ಪ್ರತಿ ಟ್ರೇಡ್‌ನಲ್ಲಿ ಹಾಕಿದ ರಿಸ್ಕ್ 5,000 ರೂಪಾಯಿ. ಸೋತಾಗ 5,000 ಹೋಗಿದೆ, ಗೆದ್ದಾಗ 10,000 ಬಂದಿದೆ. ಕೊನೆಗೆ ಕೈಯಲ್ಲಿ ಉಳಿದ ಲಾಭ ಒಂದು ಲಕ್ಷ. ನಡುವೆ ಖಾತೆ ಅತಿ ಹೆಚ್ಚು ಇಳಿದಿದ್ದು 35,000.

ಈ ಲಾಗ್ ಇಟ್ಟುಕೊಂಡವರು ಸಾಮಾನ್ಯವಾಗಿ ಏನು ಅಂದುಕೊಳ್ಳುತ್ತಾರೆ? "ನನ್ನ ಪದ್ಧತಿಯ ಡ್ರಾಡೌನ್ 35,000. ಜಾಸ್ತಿ ಅಂದರೆ 40,000 ಆಗಬಹುದು. ಹಾಗಾದರೆ ರಿಸ್ಕ್ ಡಬಲ್ ಮಾಡಬಹುದು." ನಾನೂ ಒಂದು ಕಾಲದಲ್ಲಿ ಹೀಗೇ ಲೆಕ್ಕ ಹಾಕಿದ್ದೆ. ಆ ಲೆಕ್ಕ ತಪ್ಪು. ಆ 35,000 ಬಂದಿದ್ದು ಪದ್ಧತಿಯಿಂದ ಮಾತ್ರ ಅಲ್ಲ, ಗೆಲುವು ಸೋಲು ಯಾವ ಸಾಲಿನಲ್ಲಿ ಬಂದವು ಅನ್ನುವುದರಿಂದಲೂ ಬಂದಿದೆ. ಸಾಲು ಬೇರೆಯಾಗಿದ್ದರೆ ಇಳಿತವೂ ಬೇರೆಯೇ ಆಗುತ್ತಿತ್ತು.

ಡ್ರಾಡೌನ್ ಅಂದರೆ ಖಾತೆ ಮುಟ್ಟಿದ ಎತ್ತರದಿಂದ, ಮತ್ತೆ ಆ ಎತ್ತರ ತಲುಪುವ ಮೊದಲು, ಎಷ್ಟು ಕೆಳಗೆ ಇಳಿಯಿತು ಅನ್ನುವುದು. ಹತ್ತೇ ಟ್ರೇಡ್ ತೆಗೆದುಕೊಂಡು ನೋಡಿದರೆ ವಿಷಯ ಗೊತ್ತಾಗುತ್ತದೆ. ನಾಲ್ಕು ಗೆಲುವು, ಆರು ಸೋಲು ಇರಲಿ. ಗೆದ್ದರೆ +2, ಸೋತರೆ −1.

ಮೊದಲ ಸಾಲು: +2, −1, −1, +2, −1, −1, −1, +2, −1, +2. ಕೂಡಿಸುತ್ತಾ ಹೋದರೆ 2, 1, 0, 2, 1, 0, −1, 1, 0, 2. ಎತ್ತರ 2, ಆಮೇಲಿನ ಆಳ −1. ಡ್ರಾಡೌನ್ 3.

ಈಗ ಅದೇ ಹತ್ತನ್ನು ಬೇರೆ ಸಾಲಿನಲ್ಲಿ ಇಡೋಣ: −1, +2, +2, −1, −1, −1, −1, +2, −1, +2. ಮೊತ್ತ −1, 1, 3, 2, 1, 0, −1, 1, 0, 2. ಇಲ್ಲಿ ಎತ್ತರ 3, ಆಳ −1, ಡ್ರಾಡೌನ್ 4. ನಾಲ್ಕು ಗೆಲುವೂ ಮೊದಲೇ ಬಂದು ಆರು ಸೋಲೂ ಕೊನೆಗೆ ಬಂದರೆ 8ರಿಂದ 2ಕ್ಕೆ ಇಳಿತ, ಅಂದರೆ 6. ಮೂರರಲ್ಲೂ ಕೊನೆಯ ಲಾಭ ಅದೇ +2. ದಾರಿ ಮಾತ್ರ ಬೇರೆ.

ನಾವು ಮಾಡಬೇಕಾಗಿರುವುದು ಇಷ್ಟೇ. ನೂರು ಟ್ರೇಡ್‌ಗಳನ್ನು ಇಸ್ಪೀಟ್ ಎಲೆಯಂತೆ ಕಲಸಬೇಕು, ಆ ಸಾಲಿನ ಡ್ರಾಡೌನ್ ಬರೆದಿಡಬೇಕು, ಮತ್ತೆ ಕಲಸಬೇಕು. ಹೀಗೆ ಹತ್ತು ಸಾವಿರ ಸಲ. ಕೈಗೆ ಒಂದು ಅಂಕಿಯ ಬದಲು ಹತ್ತು ಸಾವಿರ ಅಂಕಿ ಸಿಗುತ್ತವೆ. ಅವು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಅಂತ ನೋಡಬಹುದು. ಮಾಂಟೆ ಕಾರ್ಲೊ ಅಂತ ಕರೆಯುವುದು ಇದೇ ಬಗೆಯ ಲೆಕ್ಕವನ್ನು.

ಮೊದಲು ಪಟ್ಟಿ ಸರಿ ಮಾಡಿಕೊಳ್ಳಿ

ಲಾಗ್‌ನಲ್ಲಿರುವ ರೂಪಾಯಿಗಳನ್ನು ಹಾಗೆಯೇ ಕಲಸಬೇಡಿ. ಜನವರಿಯಲ್ಲಿ ಒಂದು ಲಾಟ್, ಆಗಸ್ಟ್‌ನಲ್ಲಿ ಮೂರು ಲಾಟ್ ಮಾಡಿದ್ದರೆ ಆಗಸ್ಟ್‌ನ ನಷ್ಟಗಳು ಸುಮ್ನೆ ದೊಡ್ಡದಾಗಿ ಕಾಣುತ್ತವೆ. ಪ್ರತಿ ಟ್ರೇಡ್‌ನ ಫಲಿತಾಂಶವನ್ನು ಆ ಟ್ರೇಡ್‌ಗೆ ಮೊದಲೇ ಇಟ್ಟಿದ್ದ ರಿಸ್ಕ್‌ನಿಂದ ಭಾಗಿಸಿ. 400 ರೂಪಾಯಿಗೆ ಕೊಂಡು 390ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದರೆ ಒಂದು ಷೇರಿಗೆ ರಿಸ್ಕ್ 10 ರೂಪಾಯಿ. 418ಕ್ಕೆ ಮಾರಿದರೆ ಬಂದಿದ್ದು 18, ಅಂದರೆ 1.8 ಪಟ್ಟು. ಟ್ರೇಡ್ ಮಾಡುವವರು ಈ ಪಟ್ಟನ್ನು ಆರ್ ಅಂತ ಕರೆಯುತ್ತಾರೆ. ಮೇಲಿನ ಲಾಗ್‌ನಲ್ಲಿ ಒಂದು ಆರ್ ಅಂದರೆ 5,000 ರೂಪಾಯಿ, ಕೊನೆಯ ಲಾಭ 20 ಆರ್, ಡ್ರಾಡೌನ್ 7 ಆರ್.

ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲವನ್ನೂ ಕಳೆದ ಮೇಲಿನ ಅಂಕಿ ಬೇಕು. ಕಾಂಟ್ರಾಕ್ಟ್ ನೋಟ್‌ನಲ್ಲಿ ಅವೆಲ್ಲ ಇರುತ್ತವೆ. ಸ್ಟಾಪ್ ತಪ್ಪಿ −1.4 ಆರ್ ಆದ ಟ್ರೇಡ್ ಇದ್ದರೆ ಅದನ್ನು −1.4 ಅಂತಲೇ ಬರೆಯಿರಿ. "ಅವತ್ತು ನೆಟ್ ಹೋಗಿತ್ತು, ಅದು ಲೆಕ್ಕಕ್ಕಿಲ್ಲ" ಅಂತ ಬಿಟ್ಟರೆ ಮುಂದಿನ ಅಷ್ಟೂ ಲೆಕ್ಕ ಸುಳ್ಳಾಗುತ್ತದೆ. ನೆಟ್ ಮುಂದೆಯೂ ಹೋಗುತ್ತದೆ, ಅಲ್ವಾ?

ಶೀಟ್‌ನಲ್ಲಿ ಒಂದು ಸಲ ಕೈಯಾರೆ ಮಾಡಿ

ಕೋಡ್ ಬರುವವರೂ ಇದನ್ನು ಒಂದು ಸಲ ಮಾಡಿ ನೋಡಲಿ ಅಂತ ನನ್ನ ಆಸೆ. ಕಣ್ಣಾರೆ ಕಂಡಷ್ಟು ಬೇರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ `A2`ರಿಂದ `A101`ರವರೆಗೆ ನಿಮ್ಮ ನೂರು ಫಲಿತಾಂಶಗಳನ್ನು ಹಾಕಿ. ಆಮೇಲೆ `B2`, `C2`, `D2`, `E1` ಸೆಲ್‌ಗಳಲ್ಲಿ ಕ್ರಮವಾಗಿ ಇವನ್ನು ಬರೆಯಿರಿ:

```
=SORT(A2:A101, RANDARRAY(100,1), TRUE)
=SUM(B$2:B2)
=MAX(0, C$2:C2) - C2
=MAX(D2:D101)
```

`C2` ಮತ್ತು `D2`ಗಳನ್ನು 101ನೇ ಸಾಲಿನವರೆಗೆ ಎಳೆಯಿರಿ. `B` ಕಲಸಿದ ಪಟ್ಟಿ, `C` ಕೂಡುತ್ತಾ ಹೋದ ಮೊತ್ತ, `D` ಎತ್ತರದಿಂದ ಎಷ್ಟು ಕೆಳಗಿದ್ದೇವೆ ಅನ್ನುವುದು, `E1` ಆ ಸಾಲಿನ ಅತಿ ದೊಡ್ಡ ಡ್ರಾಡೌನ್. `MAX` ಒಳಗಿನ ಆ ಸೊನ್ನೆ ಮುಖ್ಯ. ಮೊದಲ ಟ್ರೇಡ್‌ಗಳೇ ಸೋತರೆ ಶುರುವಿನ ಬಂಡವಾಳವೇ ಎತ್ತರ. ಸೊನ್ನೆ ಬಿಟ್ಟರೆ ಮೊದಲ ಸೋಲು ಲೆಕ್ಕದಿಂದ ಜಾರಿಹೋಗುತ್ತದೆ.

`C` ಕಾಲಂಗೆ ಒಂದು ಲೈನ್ ಚಾರ್ಟ್ ಹಾಕಿ. ಆಮೇಲೆ ಯಾವುದಾದರೂ ಖಾಲಿ ಸೆಲ್‌ನಲ್ಲಿ ಒಂದು ಅಂಕಿ ಬರೆಯಿರಿ. ಶೀಟ್ ಮತ್ತೆ ಕಲಸುತ್ತದೆ, ಚಾರ್ಟ್ ಬದಲಾಗುತ್ತದೆ. ಒಂದು ಇಪ್ಪತ್ತು ಸಲ ಹೀಗೆ ಮಾಡಿ. ಕೆಲವು ಸಲ ರೇಖೆ ಚೆನ್ನಾಗಿ ಏರುತ್ತದೆ. ಕೆಲವು ಸಲ ಅರವತ್ತನೇ ಟ್ರೇಡ್‌ವರೆಗೂ ಸೊನ್ನೆಯ ಕೆಳಗೇ ಒದ್ದಾಡಿ ಕೊನೆಯಲ್ಲಿ ಮೇಲೆ ಬರುತ್ತದೆ. ಎಲ್ಲವೂ ಮುಗಿಯುವುದು ಅದೇ 20 ಆರ್‌ನಲ್ಲಿ. ಆ ಅರವತ್ತು ಟ್ರೇಡ್ ನೀವು ತಾಳಿಕೊಳ್ಳುತ್ತಿದ್ದಿರಾ ಅನ್ನುವ ಪ್ರಶ್ನೆಯನ್ನು ಚಾರ್ಟೇ ಕೇಳುತ್ತದೆ.

ಹತ್ತು ಸಾವಿರ ಸಲ ಕಲಸಲು ಕೋಡ್

`trades.csv` ಫೈಲ್‌ನಲ್ಲಿ ಒಂದೇ ಕಾಲಂ, ಹೆಡರ್ ಇಲ್ಲದೆ, ಸಾಲಿಗೆ ಒಂದು ಆರ್ ಅಂಕಿ ಇರಲಿ.

```python
import numpy as np
rng = np.random.default_rng(7)
r = np.loadtxt("trades.csv")

def max_dd(x):
    eq = np.concatenate(([0], np.cumsum(x)))
    return (np.maximum.accumulate(eq) - eq).max()

shuf = [max_dd(rng.permutation(r)) for _ in range(10000)]
boot = [max_dd(rng.choice(r, len(r))) for _ in range(10000)]

print(np.percentile(shuf, [50, 95, 99]))
print(np.percentile(boot, [50, 95, 99]))
```

ನಮ್ಮ ಉದಾಹರಣೆಯ ಲಾಗ್‌ಗೆ `shuf` ಸಾಲಿನಲ್ಲಿ ಬರುವ 50, 95, 99ರ ಅಂಕಿಗಳು ಸುಮಾರು 9, 16, 19 ಆರ್. ಒಂದು ಅಂಕಿ ಆಚೀಚೆ ಆಗಬಹುದು. ಇದನ್ನು ಓದುವುದು ಹೀಗೆ: ಅರ್ಧದಷ್ಟು ಸಾಲುಗಳಲ್ಲಿ ಡ್ರಾಡೌನ್ 9 ಆರ್ ಅಥವಾ ಅದಕ್ಕಿಂತ ಜಾಸ್ತಿ. ನೂರರಲ್ಲಿ ಐದು ಸಾಲುಗಳಲ್ಲಿ 16 ಅಥವಾ ಜಾಸ್ತಿ. ನೂರರಲ್ಲಿ ಒಂದರಲ್ಲಿ 19 ಅಥವಾ ಜಾಸ್ತಿ. ನಿಜವಾಗಿ ಆಗಿದ್ದು 7. ಅಂದರೆ ಲಾಗ್‌ನ ಮಾಲೀಕರಿಗೆ ಅದೃಷ್ಟದ ಸಾಲು ಬಂದಿತ್ತು. ಅದೇ ಟ್ರೇಡ್‌ಗಳು, ಅದೇ ಲಾಭ, ಆದರೂ 80,000 ರೂಪಾಯಿಯ ಇಳಿತ ಕಾಣುವ ಸಾಧ್ಯತೆ ಇದ್ದೇ ಇತ್ತು.

ಸತತ ಸೋಲಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನೂರಕ್ಕೆ 60 ಸೋಲುವ ಪದ್ಧತಿಯಲ್ಲಿ, ನೂರು ಟ್ರೇಡ್‌ಗಳ ಒಳಗೆ ಎಲ್ಲೋ ಒಂದು ಕಡೆ ಸಾಲಾಗಿ ಹತ್ತು ಸೋಲು ಬರುವ ಸಾಧ್ಯತೆ ನೂರಕ್ಕೆ 15ರಿಂದ 20ರಷ್ಟಿದೆ. ಅದು ಬಂದಾಗ ಪದ್ಧತಿ ಕೆಟ್ಟಿತು ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಏನೂ ಕೆಟ್ಟಿಲ್ಲದಿದ್ದರೂ ಅದು ಬರಬಹುದಿತ್ತು.

ಕಲಸುವುದು ಬೇರೆ, ಚೀಟಿ ಎತ್ತುವುದು ಬೇರೆ

ಕೋಡ್‌ನಲ್ಲಿ ಎರಡು ಸಾಲು ಇಟ್ಟಿರುವುದಕ್ಕೆ ಕಾರಣ ಇದೆ. `shuf` ನಿಜವಾಗಿ ಎಲೆ ಕಲಸಿದಂತೆ. ಪ್ರತಿ ಸಲವೂ ಅದೇ 40 ಗೆಲುವು, ಅದೇ 60 ಸೋಲು. ಮುಂದಿನ ನೂರು ಟ್ರೇಡ್‌ಗಳಲ್ಲಿ ಸರಿಯಾಗಿ 40 ಗೆಲುವೇ ಬರುತ್ತದೆ ಅಂತ ಯಾರು ಹೇಳಿದರು? 36 ಬರಬಹುದು, 45 ಬರಬಹುದು.

`boot` ಚೀಟಿ ಎತ್ತಿದಂತೆ. ನೂರು ಚೀಟಿ ಡಬ್ಬಿಯಲ್ಲಿವೆ. ಒಂದು ಎತ್ತಿ, ಓದಿ, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ ಕುಲುಕುತ್ತೇವೆ. ಒಂದೇ ಚೀಟಿ ಎರಡು ಸಲ ಬರಬಹುದು, ಇನ್ನೊಂದು ಬಾರದೇ ಇರಬಹುದು. ಬ್ರಾಡ್ಲಿ ಎಫ್ರಾನ್ 1979ರಲ್ಲಿ ಬೂಟ್‌ಸ್ಟ್ರಾಪ್ ಅಂತ ಹೆಸರಿಟ್ಟು ಮಂಡಿಸಿದ ವಿಧಾನ ಇದೇ.

ಇದರಲ್ಲಿ ಅದೇ ಲಾಗ್‌ಗೆ ಬರುವ ಅಂಕಿಗಳು ಸುಮಾರು 10, 19, 25 ಆರ್. ಮಧ್ಯದ ಅಂಕಿ ಹೆಚ್ಚು ಬದಲಾಗಲಿಲ್ಲ, ಆದರೆ ಕೆಟ್ಟ ಕಡೆಯ ತುದಿ ಚೆನ್ನಾಗಿ ಉದ್ದವಾಯಿತು. ಕೊನೆಯ ಲಾಭವೂ ಈಗ ಒಂದೇ ಇಲ್ಲ. ನೂರರಲ್ಲಿ ಸುಮಾರು ಒಂಬತ್ತು ಸಾಲುಗಳು ನಷ್ಟದಲ್ಲೇ ಮುಗಿಯುತ್ತವೆ. ಹಳೆಯ ನೂರು ಟ್ರೇಡ್‌ನಲ್ಲಿ ಅದೃಷ್ಟ ಎಷ್ಟಿತ್ತು ಅಂತ ತಿಳಿಯಲು ಕಲಸಿದ್ದು ಸಾಕು. ಮುಂದಿನ ನೂರಕ್ಕೆ ಹಣ ಇಡಲು ನಾನು ನಂಬುವುದು ಚೀಟಿಯ ಅಂಕಿಯನ್ನು.

ಮುಂದೆ ಎಷ್ಟು ಟ್ರೇಡ್ ಅನ್ನುವುದೂ ಮುಖ್ಯ. `rng.choice(r, 250)` ಅಂತ ಬದಲಿಸಿ ನೋಡಿ. 95ರ ಅಂಕಿ 19ರಿಂದ 24, 25ರ ಹತ್ತಿರ ಹೋಗುತ್ತದೆ. ದಾರಿ ಉದ್ದವಾದಷ್ಟೂ ಆಳದ ಗುಂಡಿ ಸಿಗುವ ಅವಕಾಶ ಜಾಸ್ತಿ. ವರ್ಷಕ್ಕೆ ಎಷ್ಟು ಟ್ರೇಡ್ ಮಾಡುತ್ತೀರೋ ಅಷ್ಟನ್ನೇ ಅಲ್ಲಿ ಹಾಕಿ.

ಅಂಕಿಯಿಂದ ರೂಪಾಯಿಗೆ

ಖಾತೆಯಲ್ಲಿ 5 ಲಕ್ಷ ಇದೆ ಅನ್ನೋಣ. ಒಂದು ಲಕ್ಷದವರೆಗೆ ಇಳಿದರೆ ತಾಳಿಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ಆದರೆ ನಿದ್ದೆ ಬರುವುದಿಲ್ಲ ಅಂತ ನೀವು ತೀರ್ಮಾನಿಸಿದ್ದೀರಿ. ಚೀಟಿ ವಿಧಾನದ 95ರ ಅಂಕಿ 19 ಆರ್. ಒಂದು ಲಕ್ಷವನ್ನು 19ರಿಂದ ಭಾಗಿಸಿದರೆ ಸುಮಾರು 5,260. ಹಾಗಾಗಿ ಟ್ರೇಡ್‌ಗೆ 5,000 ರೂಪಾಯಿ ರಿಸ್ಕ್ ಸರಿ.

ಶುರುವಿನಲ್ಲಿ ಹೇಳಿದ ಹಾಗೆ ರಿಸ್ಕ್ ಡಬಲ್ ಮಾಡಿದ್ದರೆ? 19 ಆರ್ ಅಂದರೆ 1,90,000 ರೂಪಾಯಿ. ಶುರುವಿನಲ್ಲೇ ಆ ಇಳಿತ ಬಂದರೆ ಬಂಡವಾಳದ 38 ಪರ್ಸೆಂಟ್ ಹೋಗುತ್ತದೆ. ಉಳಿದ 3,10,000ದಿಂದ ಮತ್ತೆ 5 ಲಕ್ಷಕ್ಕೆ ಬರಲು 61 ಪರ್ಸೆಂಟ್ ಲಾಭ ಬೇಕು. ಹಳೆಯ 7 ಆರ್ ಅನ್ನೇ ನಂಬಿದ್ದವರಿಗೆ 70,000 ಮಾತ್ರ ಹೋಗಬಹುದು ಅಂತ ಕಾಣುತ್ತಿತ್ತು.

ಮೇಲಿನ ಕೋಡ್ ಪ್ರತಿ ಟ್ರೇಡ್‌ಗೂ ಒಂದೇ ರೂಪಾಯಿ ರಿಸ್ಕ್ ಅಂತ ಹಿಡಿಯುತ್ತದೆ. ಖಾತೆ ಬೆಳೆದಂತೆ 1 ಪರ್ಸೆಂಟ್ ಲೆಕ್ಕದಲ್ಲಿ ರಿಸ್ಕ್ ಬದಲಿಸುವವರು ಕೂಡಿಸುವ ಬದಲು `np.cumprod(1 + 0.01*x)` ಬಳಸಬೇಕು. ಶುರುವಿನ ಅಂಕಿ 0 ಬದಲು 1 ಆಗಬೇಕು. ಇಳಿತವನ್ನು ಎತ್ತರದಿಂದ ಭಾಗಿಸಿ ಪರ್ಸೆಂಟ್‌ನಲ್ಲಿ ನೋಡಬೇಕು.

ಎಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ

ಕಲಸುವುದರ ಹಿಂದೆ ಒಂದು ನಂಬಿಕೆ ಇದೆ: ಒಂದು ಟ್ರೇಡ್‌ಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ನಿಜ ಜೀವನದಲ್ಲಿ ಇದು ಬಹಳ ಸಲ ಸುಳ್ಳು. ನನ್ನ ಹಳೆಯ ಲಾಗ್‌ನಲ್ಲಿ ಒಂದೇ ದಿನ ಮೂರು ಬ್ಯಾಂಕ್ ಷೇರು ಕೊಂಡ ದಾಖಲೆಗಳಿದ್ದವು. ಲಾಗ್‌ನಲ್ಲಿ ಮೂರು ಸಾಲು, ಆದರೆ ನಿಜವಾಗಿ ಅದು ಒಂದೇ ಪಂದ್ಯ. ಬಿದ್ದರೆ ಮೂರೂ ಒಟ್ಟಿಗೆ ಬೀಳುತ್ತವೆ. ಕಲಸಿದಾಗ ಆ ಮೂರು ನಷ್ಟಗಳು ನೂರು ಟ್ರೇಡ್‌ಗಳ ನಡುವೆ ದೂರ ದೂರ ಚದುರಿಹೋಗುತ್ತವೆ. ಪರದೆಯ ಮೇಲಿನ ಡ್ರಾಡೌನ್ ಚಿಕ್ಕದಾಗುತ್ತದೆ. ಲೋಕಸಭೆ ಚುನಾವಣೆ ಎಣಿಕೆಯ ದಿನ, 2024ರ ಜೂನ್ 4ರಂದು, ನಿಫ್ಟಿ ಸುಮಾರು 6 ಪರ್ಸೆಂಟ್ ಬಿತ್ತು. ಅಂಥ ದಿನ ಐದು ಷೇರು ಹಿಡಿದವರಿಗೆ ಐದು ಬೇರೆ ಬೇರೆ ಫಲಿತಾಂಶ ಬರುವುದಿಲ್ಲ.

ಇದಕ್ಕೆ ಸುಲಭ ಪರಿಹಾರ ಇದೆ. ಟ್ರೇಡ್ ಕಲಸಬೇಡಿ, ದಿನ ಕಲಸಿ. ಒಂದು ದಿನದ ಎಲ್ಲ ಆರ್‌ಗಳನ್ನು ಕೂಡಿಸಿ ಒಂದು ಅಂಕಿ ಮಾಡಿ, ಆ ಅಂಕಿಗಳನ್ನೇ ಪಟ್ಟಿಯಾಗಿ ಬಳಸಿ. ವಾರಗಟ್ಟಲೆ ಹಿಡಿಯುವವರು ವಾರದ ಮೊತ್ತ ತೆಗೆದುಕೊಳ್ಳಲಿ.

ಇನ್ನೊಂದು ಬಗೆಯ ಸಂಬಂಧ ಇದಕ್ಕಿಂತ ನಿಧಾನವಾದದ್ದು. ಟ್ರೆಂಡ್ ಹಿಡಿಯುವ ಪದ್ಧತಿಗೆ ಮಾರುಕಟ್ಟೆ ಎರಡು ತಿಂಗಳು ಒಂದೇ ಕಡೆ ತೂಗಾಡಿದರೆ ಸೋಲುಗಳು ಗುಂಪಾಗಿ ಬರುತ್ತವೆ. ಇದನ್ನು ಕಂಡುಹಿಡಿಯಲು ಕೈಯಲ್ಲೇ ಪರೀಕ್ಷೆ ಇದೆ. ನಿಮ್ಮ ನಿಜವಾದ ಡ್ರಾಡೌನ್ ಕಲಸಿದ ಸಾಲುಗಳ 95ರ ಅಂಕಿಗಿಂತ ಮೇಲಿದೆಯಾ ನೋಡಿ. ನಮ್ಮ ಉದಾಹರಣೆಯಲ್ಲಿ ನಿಜವಾದದ್ದು 7ರ ಬದಲು 18 ಆಗಿದ್ದರೆ, ಬರೀ ಕಲಸುವುದರಿಂದ ಅಷ್ಟು ಆಳ ಸಿಗುವುದು ಅಪರೂಪ. ಸೋಲುಗಳು ಒಂದನ್ನೊಂದು ಎಳೆದುಕೊಂಡು ಬರುತ್ತಿವೆ ಅಂತ ಅನುಮಾನ ಪಡಬೇಕು. ಆಗ ಬಿಡಿ ದಿನಗಳ ಬದಲು ಐದು ದಿನದ ತುಂಡುಗಳನ್ನು, ಒಳಗಿನ ಸಾಲು ಕೆಡಿಸದೆ, ಎತ್ತಬೇಕು:

```python
def blocks(d, k=5):
    m = -(-len(d) // k)
    s = rng.integers(0, len(d) - k + 1, m)
    return np.concatenate([d[i:i+k] for i in s])[:len(d)]
```

ಇಲ್ಲಿ `d` ಅಂದರೆ ದಿನದ ಮೊತ್ತಗಳ ಪಟ್ಟಿ. `max_dd(blocks(d))` ಅಂತ ಹತ್ತು ಸಾವಿರ ಸಲ ಓಡಿಸಿ. `k` ಅನ್ನು 5, 10, 20 ಅಂತ ಬದಲಿಸಿ. ಅಂಕಿ ಏರುತ್ತಾ ಹೋದರೆ ಗುಂಪಿನ ಸೋಲು ನಿಜ. ಬಿಡಿ ದಿನಗಳದ್ದೂ ಸೇರಿ ನಾಲ್ಕರಲ್ಲಿ ದೊಡ್ಡ ಅಂಕಿಯನ್ನೇ ಇಟ್ಟುಕೊಳ್ಳಿ. ಆದರೆ ಇನ್ನೂರು ದಿನಗಳಿಗಿಂತ ಕಡಿಮೆ ಇದ್ದರೆ 20ರ ತುಂಡು ಬೇಡ. ಎತ್ತಲು ತುಂಡುಗಳೇ ಸಾಲುವುದಿಲ್ಲ.

ಎರಡನೇ ಮೋಸ ಪಟ್ಟಿಯಲ್ಲೇ ಇಲ್ಲದ ಟ್ರೇಡ್‌ಗಳದ್ದು. ಎಷ್ಟೇ ಕಲಸಿದರೂ ಡಬ್ಬಿಯಲ್ಲಿ ಇಲ್ಲದ ಚೀಟಿ ಬರುವುದಿಲ್ಲ. ನಿಮ್ಮ ಅತಿ ದೊಡ್ಡ ನಷ್ಟ −1.4 ಆಗಿದ್ದರೆ ಹತ್ತು ಸಾವಿರ ಸಾಲುಗಳಲ್ಲೂ ಒಂದು ಟ್ರೇಡ್ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುವುದಿಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಸುಮಾರು 13 ಪರ್ಸೆಂಟ್ ಬಿತ್ತು. ಬೆಳಿಗ್ಗೆಯೇ 10 ಪರ್ಸೆಂಟ್ ಇಳಿದು 45 ನಿಮಿಷ ವ್ಯಾಪಾರ ನಿಂತಿತ್ತು. ರಾತ್ರಿ ಹಿಡಿದುಕೊಂಡಿದ್ದ ಪೊಸಿಷನ್‌ಗೆ ಅಂಥ ಬೆಳಿಗ್ಗೆ ಸ್ಟಾಪ್‌ಲಾಸ್ ಇಟ್ಟ ಬೆಲೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಪಟ್ಟಿಗೆ ನಾನೇ ಕೈಯಿಂದ ಒಂದೆರಡು −4 ಅಥವಾ −5 ಸೇರಿಸಿ ಇನ್ನೊಮ್ಮೆ ಓಡಿಸುತ್ತೇನೆ. ಆಪ್ಷನ್ ಮಾರುವವರು ಇದನ್ನು ಬಿಡಲೇಬಾರದು. ತಿಂಗಳುಗಟ್ಟಲೆ ಸಣ್ಣ ಲಾಭದ ಚೀಟಿಗಳೇ ಇರುವ ಡಬ್ಬಿ ಅವರದ್ದು.

ಮೂರನೆಯದು ಟ್ರೇಡ್ ಕಡಿಮೆ ಇರುವುದು. ಕಲಸುವ ಸಂಖ್ಯೆಯನ್ನು ಹತ್ತು ಸಾವಿರದಿಂದ ಹತ್ತು ಲಕ್ಷಕ್ಕೆ ಏರಿಸಿದರೆ ಉತ್ತರದ ನಡುಕ ನಿಲ್ಲುತ್ತದೆ, ಅಷ್ಟೇ. ಮೂವತ್ತು ಟ್ರೇಡ್ ಮೂವತ್ತೇ. ನೂರು ಟ್ರೇಡ್ ಕೂಡ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ನಮ್ಮ ಲಾಗ್‌ನಲ್ಲಿ ಟ್ರೇಡ್‌ಗೆ ಸರಾಸರಿ ಲಾಭ 0.2 ಆರ್. ಫಲಿತಾಂಶಗಳು +2 ಮತ್ತು −1ರ ನಡುವೆ ಕುಣಿಯುವುದರಿಂದ ಆ ಸರಾಸರಿಯೇ 0.3ರಷ್ಟು ಮೇಲೆ ಕೆಳಗೆ ಇರಬಹುದು. ಅಂದರೆ ಪದ್ಧತಿಯ ನಿಜವಾದ ಸರಾಸರಿ 0.5 ಇರಬಹುದು, ಸೊನ್ನೆಗಿಂತ ಕೆಳಗೂ ಇರಬಹುದು. ಲಾಗ್ ನಿಮ್ಮ ನಿಜವಾದ ಟ್ರೇಡ್‌ಗಳದ್ದಲ್ಲದೆ ಬ್ಯಾಕ್‌ಟೆಸ್ಟ್‌ನದ್ದಾದರೆ, ಅದನ್ನು ಚೆನ್ನಾಗಿ ಕಾಣುವವರೆಗೆ ತಿದ್ದಿರುವ ಸಾಧ್ಯತೆಯೂ ಸೇರುತ್ತದೆ. ಇದಕ್ಕೆ ನಾನು ಮಾಡುವುದು: `r = r - 0.1` ಅಂತ ಒಂದು ಸಾಲು ಸೇರಿಸಿ, ಅಂದರೆ ಪ್ರತಿ ಟ್ರೇಡ್‌ನ ಲಾಭ ಸ್ವಲ್ಪ ಕುಗ್ಗಿಸಿ, ಮತ್ತೆ ಓಡಿಸುವುದು. ಇಷ್ಟು ಸಣ್ಣ ಕಡಿತಕ್ಕೇ 95ರ ಅಂಕಿ ತಾಳಲಾರದಷ್ಟು ಏರಿದರೆ ರಿಸ್ಕ್ ಇನ್ನೂ ಇಳಿಸುತ್ತೇನೆ.

ಒಂದು ಸಣ್ಣ ವಿಷಯ ಉಳಿದಿದೆ. ಈ ಲೆಕ್ಕ ನೋಡುವುದು ಮುಗಿದ ಟ್ರೇಡ್‌ಗಳನ್ನು ಮಾತ್ರ. ಟ್ರೇಡ್ ತೆರೆದಿದ್ದಾಗ ಖಾತೆ ಎಷ್ಟು ಇಳಿದಿತ್ತು ಅನ್ನುವುದು ಇದರಲ್ಲಿ ಬರುವುದಿಲ್ಲ. ಹಾಗಾಗಿ ಬ್ರೋಕರ್ ಆ್ಯಪ್‌ನಲ್ಲಿ ಕಾಣುವ ಇಳಿತ ಸಾಮಾನ್ಯವಾಗಿ ಮುಗಿದ ಟ್ರೇಡ್‌ಗಳ ಇಳಿತಕ್ಕಿಂತ ಜಾಸ್ತಿಯೇ ಇರುತ್ತದೆ.

ಅಂಕಿಗಳನ್ನು ಎಲ್ಲಿ ಬರೆದಿಡುವುದು

ನನ್ನ ಲಾಗ್ ಶೀಟ್‌ನ ತಲೆಯ ಮೇಲೆ ಎರಡು ಅಂಕಿಗಳಿವೆ. ಉದಾಹರಣೆಯ ಲಾಗ್‌ಗೆ ಅವು 19 ಮತ್ತು 25 ಆಗುತ್ತವೆ. ಪಕ್ಕದ ಸೆಲ್ ಸದ್ಯದ ಡ್ರಾಡೌನ್ ತೋರಿಸುತ್ತದೆ. ಅದು 19 ದಾಟಿದರೆ ರಿಸ್ಕ್ ಅರ್ಧ. 25 ದಾಟಿದರೆ ಹೊಸ ಟ್ರೇಡ್ ನಿಲ್ಲಿಸಿ, ಡಬ್ಬಿಯ ಚೀಟಿಗಳೇ ಬದಲಾಗಿವೆಯಾ ಅಂತ ಹುಡುಕುವುದು: ಗೆಲುವಿನ ಪ್ರಮಾಣ ಇಳಿಯಿತಾ, ಗೆಲುವಿನ ಗಾತ್ರ ಕುಗ್ಗಿತಾ, ಸ್ಟಾಪ್‌ಗಿಂತ ಜಾಸ್ತಿ ಹೋಗುವ ನಷ್ಟ ಹೆಚ್ಚಾಯಿತಾ. ಪ್ರತಿ 25 ಹೊಸ ಟ್ರೇಡ್ ಆದ ಮೇಲೆ ಅವನ್ನು ಪಟ್ಟಿಗೆ ಸೇರಿಸಿ ಕೋಡ್ ಮತ್ತೆ ಓಡಿಸುತ್ತೇನೆ. ಆದರೆ ಡ್ರಾಡೌನ್ ನಡೆಯುತ್ತಿರುವಾಗ ಆ ಎರಡು ಅಂಕಿಗಳನ್ನು ಮುಟ್ಟುವುದಿಲ್ಲ. ಖಾತೆ ಹೊಸ ಎತ್ತರ ಮುಟ್ಟಿದ ಮೇಲಷ್ಟೇ ಬದಲಿಸುತ್ತೇನೆ.